“ಸ್ಕೋಪ್ ಹೇಗಿದೆ ಸರ್?” ಎಂದು ಕೇಳುವ ಬದಲು

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಚಿಪ್ ಕಂಪನಿ ಸೇರಬೇಕೆಂದಿರುವವರು ಬೆಂಗಳೂರಿನಲ್ಲಿರುವ ತಮ್ಮ ಕಾಲೇಜಿನ ಸೀನಿಯರ್‌ಗೆ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ ಇದು: “ಈ ಫೀಲ್ಡಲ್ಲಿ ಸ್ಕೋಪ್ ಹೇಗಿದೆ ಸರ್?” ಉತ್ತರವೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. “ಚೆನ್ನಾಗಿದೆ, ಬೇಸಿಕ್ಸ್ ಸ್ಟ್ರಾಂಗ್ ಇರಬೇಕು, ಸ್ವಲ್ಪ ಕಷ್ಟಪಡಬೇಕು.” ಹತ್ತು ನಿಮಿಷದಲ್ಲಿ ಫೋನ್ ಇಟ್ಟಾಗುತ್ತದೆ. ಕೇಳಿದವರಿಗೆ ಧೈರ್ಯ ಬಂದಂತೆ ಅನಿಸುತ್ತದೆ, ಆದರೆ ಫೋನ್ ಮಾಡುವ ಮುಂಚೆ ಗೊತ್ತಿರದ ಒಂದು ಸಂಗತಿಯೂ ತಿಳಿದಿರುವುದಿಲ್ಲ.

ತಪ್ಪು ಸೀನಿಯರ್‌ದಲ್ಲ. ಇಡೀ ಕ್ಷೇತ್ರದ ಭವಿಷ್ಯ ಅವರಿಗಾದರೂ ಹೇಗೆ ಗೊತ್ತಿರಬೇಕು? ಅವರಿಗೆ ಗೊತ್ತಿರುವುದು ತಮ್ಮ ತಂಡ, ತಮ್ಮ ಪ್ರಾಜೆಕ್ಟು, ಕಳೆದ ವಾರ ತಮ್ಮ ಮೇಜಿನ ಮೇಲೆ ಬಂದ ತೊಂದರೆ, ಹೋದ ತಿಂಗಳು ತಾವು ಇಂಟರ್‌ವ್ಯೂ ಮಾಡಿದ ನಾಲ್ಕು ಜನ. ನಮ್ಮ ಪ್ರಶ್ನೆ ಈ ಜಾಗಕ್ಕೆ ಹೋಗಿ ಮುಟ್ಟಬೇಕು. ಕೆಲಸ ಕೇಳದೆ, ಕೆಲಸದ ಬಗ್ಗೆ ತಿಳಿಯುವುದಕ್ಕಷ್ಟೇ ಆ ಕ್ಷೇತ್ರದೊಳಗಿರುವವರ ಜತೆ ಇಪ್ಪತ್ತು ನಿಮಿಷ ಮಾತಾಡುವುದನ್ನು ಇನ್‌ಫರ್ಮೇಶನಲ್ ಇಂಟರ್‌ವ್ಯೂ ಎನ್ನುತ್ತಾರೆ. ಅದನ್ನು ಹೇಗೆ ನಡೆಸಬೇಕೆಂದು ಒಂದೇ ಕ್ಷೇತ್ರ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ. ಕ್ಷೇತ್ರ, ಚಿಪ್ ವೆರಿಫಿಕೇಶನ್.

ಚಿಪ್ಪಿನ ವಿನ್ಯಾಸವನ್ನು ಡಿಸೈನರ್‌ಗಳು ಕೋಡ್ ರೂಪದಲ್ಲಿ ಬರೆಯುತ್ತಾರೆ. ಅದು ಫ್ಯಾಕ್ಟರಿಗೆ ಹೋಗಿ ಸಿಲಿಕಾನ್ ಆಗುವ ಮುಂಚೆ ಕಂಪ್ಯೂಟರ್‌ನಲ್ಲೇ ಓಡಿಸಿ, ಚಿಪ್ ಹೇಗೆ ನಡೆಯಬೇಕೆಂದು ಬರೆದಿಟ್ಟ ಸ್ಪೆಕ್‌ನಲ್ಲಿ ಹೇಳಿದಂತೆ ನಡೆಯುತ್ತದೆಯೇ ಎಂದು ನೋಡುವವರು ವೆರಿಫಿಕೇಶನ್ ಎಂಜಿನಿಯರ್‌ಗಳು. ಫ್ಯಾಕ್ಟರಿಗೆ ಕಳಿಸುವ ಘಟ್ಟವೇ ಟೇಪ್‌ಔಟ್. ಅದಾದ ಮೇಲೆ ತಪ್ಪು ಸಿಕ್ಕರೆ ತಿದ್ದುವುದಕ್ಕೆ ತಿಂಗಳುಗಟ್ಟಲೆ ಸಮಯ, ಬಹಳಷ್ಟು ದುಡ್ಡು ಬೇಕು. ಅದಕ್ಕೇ ಈ ಕೆಲಸಕ್ಕೆ ಹೆಚ್ಚು ಜನ ಬೇಕಾಗುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಈ ಊರಲ್ಲಿ ಚಿಪ್ಪಿನ ಕೆಲಸ ಬೆಳೆಯುತ್ತಲೇ ಬಂದಿದೆ. ಹಾಗಾಗಿ ಹಾಸನ, ದಾವಣಗೆರೆ, ಬೆಳಗಾವಿಯ ಕಾಲೇಜುಗಳಲ್ಲಿ ಓದಿದವರಿಗೂ ಹುಡುಕಿದರೆ ಈ ಕೆಲಸದಲ್ಲಿರುವ ಒಬ್ಬ ಸೀನಿಯರ್ ಸಿಗುತ್ತಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಹುಡುಗಿ, 2024ರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿದ್ದಾಳೆ. ಕ್ಯಾಂಪಸ್‌ಗೆ ಚಿಪ್ ಕಂಪನಿ ಯಾವುದೂ ಬಂದಿರಲಿಲ್ಲ. ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಆರು ತಿಂಗಳ ವೆರಿಫಿಕೇಶನ್ ಕೋರ್ಸ್ ಇದೆ. ಫೀಸು, ಪಿಜಿ ಬಾಡಿಗೆ, ಊಟ ಸೇರಿ ಮನೆಯವರಿಗೆ ದೊಡ್ಡ ಮೊತ್ತವೇ ಆಗುತ್ತದೆ. ಅಪ್ಪ ಕೇಳುತ್ತಿದ್ದಾರೆ, ಕಟ್ಟಲೋ ಬೇಡವೋ ಎಂದು. ಅವಳು ಮಾಡಬೇಕಾದ ತೀರ್ಮಾನ ಇದೇ. ಮಾತುಕತೆಗೆ ಮುಂಚೆ ಈ ತೀರ್ಮಾನವನ್ನು ಒಂದು ಸಾಲಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಪ್ರಶ್ನೆಯನ್ನೂ ಆ ಸಾಲಿನ ಪಕ್ಕ ಹಿಡಿದು, ಇದಕ್ಕೆ ಬರುವ ಉತ್ತರದಿಂದ ನನ್ನ ತೀರ್ಮಾನ ಆ ಕಡೆಗಾಗಲಿ ಈ ಕಡೆಗಾಗಲಿ ವಾಲುತ್ತದೆಯೇ ಎಂದು ನೋಡಬಹುದು. ವಾಲದಿದ್ದರೆ ಆ ಪ್ರಶ್ನೆ ಕೇಳುವುದೇ ಬೇಡ.

ಯಾರನ್ನು ಕೇಳಬೇಕು? ಸಾಮಾನ್ಯವಾಗಿ ನಮ್ಮ ಕಣ್ಣು ಹೋಗುವುದು ಎಲ್ಲರಿಗಿಂತ ಮೇಲೇರಿದವರ ಕಡೆ. ಹದಿನೈದು ವರ್ಷ ಸರ್ವೀಸ್ ಆದ ಮ್ಯಾನೇಜರ್ ತುಂಬ ತಿಳಿದವರೇ, ಆದರೆ ಅವರು ಒಳಬಂದ ಬಾಗಿಲು ಈಗ ಆ ಜಾಗದಲ್ಲಿಲ್ಲ. ಈಗ ಫ್ರೆಶರ್‌ಗಳು ಹೇಗೆ ಒಳಗೆ ಬರುತ್ತಾರೆ ಎಂಬುದನ್ನು ಒಂದರಿಂದ ಮೂರು ವರ್ಷ ಆದವರನ್ನೇ ಕೇಳಬೇಕು. ಯಾರನ್ನು ಯಾಕೆ ಆರಿಸುತ್ತಾರೆ ಎಂಬುದನ್ನು ಏಳೆಂಟು ವರ್ಷ ಅನುಭವವಿದ್ದು ತಾವೇ ಇಂಟರ್‌ವ್ಯೂ ತೆಗೆದುಕೊಳ್ಳುವವರನ್ನು ಕೇಳಬೇಕು. ಪಕ್ಕದಲ್ಲಿ ಕೂತು ಇದೇ ಕೆಲಸದವರ ಜತೆ ದಿನವೂ ಏಗುವ ಒಬ್ಬ ಡಿಸೈನರ್ ಸಿಕ್ಕರೆ ಇನ್ನೂ ಒಳ್ಳೆಯದು. ಜನ ಮರೆಯುವ ನಾಲ್ಕನೆಯವರು ಒಬ್ಬರಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹುಡುಕುವುದು ಕಷ್ಟವಲ್ಲ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ Alumni ಎಂಬ ವಿಭಾಗ ಇರುತ್ತದೆ. ಅಲ್ಲಿ verification ಎಂದು ಹಾಕಿ ಹುಡುಕಿದರೆ ನಿಮ್ಮ ಕಾಲೇಜಿನಿಂದ ಈ ಕೆಲಸಕ್ಕೆ ಹೋದವರ ಹೆಸರುಗಳು ಬರುತ್ತವೆ. ಅಪರಿಚಿತರಿಗಿಂತ ಒಂದೇ ಕಾಲೇಜಿನವರು ಉತ್ತರ ಕೊಡುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಐದು ಜನರ ಜತೆ ಮಾತಾಡಬೇಕೆಂದರೆ ಹದಿನೈದು ಇಪ್ಪತ್ತು ಜನರಿಗೆ ಬರೆಯಬೇಕಾಗುತ್ತದೆ ಎಂದೇ ಲೆಕ್ಕ ಹಾಕಿ. ಬರೆಯುವುದು ನಾಲ್ಕೈದೇ ಸಾಲಿರಲಿ:

“ನಮಸ್ಕಾರ ಸರ್, ನಾನು ನಿಮ್ಮದೇ ಕಾಲೇಜಿನ 2024ರ ಬ್ಯಾಚಿನವಳು. ವೆರಿಫಿಕೇಶನ್ ಕೋರ್ಸಿಗೆ ಸೇರಬೇಕೇ ಬೇಡವೇ ಎಂದು ಈ ತಿಂಗಳು ತೀರ್ಮಾನಿಸಬೇಕಿದೆ. ನಿಮ್ಮ ದಿನದ ಕೆಲಸದ ಬಗ್ಗೆ, ಹೊಸಬರು ಎಲ್ಲಿ ಎಡವುತ್ತಾರೆ ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಕೇಳಬಹುದೇ? ರೆಫರಲ್ ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ಅಥವಾ ನಿಮಗೆ ಅನುಕೂಲವಾದಾಗ ಫೋನ್ ಮಾಡುತ್ತೇನೆ.”

ಇದನ್ನು ಇಂಗ್ಲಿಷಿನಲ್ಲಿ ಬರೆದರೂ ತೊಂದರೆಯಿಲ್ಲ. ಆದರೆ ಆ ಕಡೆಯವರು ಕನ್ನಡದವರೆಂದು ಗೊತ್ತಿದ್ದರೆ ಫೋನಿನಲ್ಲಿ ಕನ್ನಡದಲ್ಲೇ ಮಾತು ಶುರುಮಾಡಿ. ಇಂಗ್ಲಿಷಿನಲ್ಲಿ ಆಫೀಸಿನ ಮಾತು ಆಡುವವರೇ ಕನ್ನಡಕ್ಕೆ ಬಂದರೆ ಮನೆಯ ಮಾತು ಆಡುತ್ತಾರೆ, ಅದರಲ್ಲೇ ವಿಷಯ ಇರುತ್ತದೆ. ಶನಿವಾರ ಎಂದದ್ದಕ್ಕೂ ಕಾರಣವಿದೆ. ಈ ತಂಡಗಳಲ್ಲಿ ರಾತ್ರಿಯಿಡೀ ನೂರಾರು ಟೆಸ್ಟ್‌ಗಳನ್ನು ಒಟ್ಟಿಗೆ ಓಡಲು ಬಿಟ್ಟು ಹೋಗುತ್ತಾರೆ, ಅದಕ್ಕೆ ರಿಗ್ರೆಶನ್ ಎನ್ನುತ್ತಾರೆ. ವಾರದ ದಿನ ಬೆಳಿಗ್ಗೆ ಬಿದ್ದುಹೋದ ಟೆಸ್ಟ್‌ಗಳನ್ನು ನೋಡುವ ಹೊತ್ತು. ಸಂಜೆ ಅಮೆರಿಕದ ತಂಡದ ಜತೆ ಮೀಟಿಂಗ್ ಇರುವುದೂ ಸಾಮಾನ್ಯ. ಟೇಪ್‌ಔಟ್ ಹತ್ತಿರ ಬಂದಿದ್ದರಂತೂ ಶನಿವಾರವೂ ಇಲ್ಲ. “ಈಗ ಟೇಪ್‌ಔಟ್ ಸಮಯವಾದರೆ ಮುಂದಿನ ತಿಂಗಳು ಕೇಳುತ್ತೇನೆ” ಎಂಬ ಒಂದು ಸಾಲು ಸೇರಿಸಿದರೆ, ಈ ಹುಡುಗಿ ಏನೋ ಓದಿಕೊಂಡೇ ಬಂದಿದ್ದಾಳೆ ಎಂದು ಅವರಿಗೆ ಗೊತ್ತಾಗುತ್ತದೆ.

ಇನ್ನು ಪ್ರಶ್ನೆಗಳು. ಮೊದಲನೆಯದು, “ನಿಮ್ಮ ಕೆಲಸ ಹೇಗಿರುತ್ತದೆ?” ಎಂದಲ್ಲ. “ನಿನ್ನೆ ಅಥವಾ ಮೊನ್ನೆ, ಆಫೀಸಿಗೆ ಹೋಗಿ ಕೂತಾಗಿನಿಂದ ಮಧ್ಯಾಹ್ನ ಊಟದ ತನಕ ಏನೇನು ಮಾಡಿದಿರಿ?” ಮೊದಲ ಪ್ರಶ್ನೆಗೆ ಕೆಲಸದ ವಿವರಣೆ ಬರುತ್ತದೆ, ಎರಡನೆಯದಕ್ಕೆ ಕೆಲಸವೇ ಬರುತ್ತದೆ. ಎರಡು ವರ್ಷದ ಅನುಭವದ ಒಬ್ಬರು ಹೀಗೆ ಹೇಳಬಹುದು: “ರಾತ್ರಿ ಓಡಿಸಿದ್ದರಲ್ಲಿ ಇಪ್ಪತ್ತಮೂರು ಫೇಲ್ ಆಗಿದ್ದವು. ಲಾಗ್ ನೋಡಿ ಗುಂಪು ಮಾಡಿದೆ, ಮೂರೇ ಕಾರಣ. ಒಂದು ನಮ್ಮ ಟೆಸ್ಟ್‌ಬೆಂಚಿನದೇ ತಪ್ಪು, ಅಂದರೆ ಡಿಸೈನ್ ಪರೀಕ್ಷಿಸಲು ನಾವೇ ಬರೆದ ಕೋಡಿನದು. ಇನ್ನೊಂದು ಯಾರೋ ಸ್ಕ್ರಿಪ್ಟ್ ಬದಲಿಸಿದ್ದರು. ಮೂರನೆಯದಕ್ಕೆ ವೇವ್‌ಫಾರ್ಮ್ ತೆಗೆದು ಕೂತೆ, ಊಟದ ಹೊತ್ತಿಗೂ ಸಿಕ್ಕಿರಲಿಲ್ಲ.” ಇಷ್ಟರಲ್ಲೇ ಹಾಸನದ ಹುಡುಗಿಗೆ ಕೋರ್ಸಿನ ಜಾಹೀರಾತಿನಲ್ಲಿಲ್ಲದ ಸಂಗತಿ ಗೊತ್ತಾಯಿತು. ಹೊಸ ಕೋಡ್ ಬರೆಯುವುದು ದಿನದ ಒಂದು ಚೂರು. ಉಳಿದದ್ದು ಬೇರೆಯವರ ಕೋಡ್ ಓದುವುದು, ಲಾಗ್ ಓದುವುದು, ಒಂದು ತಪ್ಪಿನ ಬೆನ್ನು ಹತ್ತಿ ಗಂಟೆಗಟ್ಟಲೆ ಕೂರುವುದು. ಅದು ಅವಳಿಗೆ ಇಷ್ಟವೋ ಅಲ್ಲವೋ ಎಂಬುದು ತೀರ್ಮಾನಕ್ಕೆ ನೇರವಾಗಿ ಸಂಬಂಧಿಸಿದ್ದು.

ಎರಡನೆಯದು: “ಇತ್ತೀಚೆಗೆ ಎರಡು ದಿನಕ್ಕಿಂತ ಹೆಚ್ಚು ಹಿಡಿದ ಬಗ್ ಯಾವುದು? ಕೊನೆಗೆ ತಪ್ಪು ಎಲ್ಲಿತ್ತು?” ಇಲ್ಲಿ ಜಾಗ್ರತೆ ಬೇಕು. ಎಲ್ಲರೂ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಚಿಪ್ಪಿನ ಹೆಸರು, ಕ್ಲೈಂಟ್ ಹೆಸರು ಬಾಯಿಗೆ ಬರುವ ಭಯವಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಮೊದಲೇ “ಪ್ರಾಜೆಕ್ಟ್ ಹೆಸರು ಬೇಡ ಸರ್, ಎಂಥ ಬಗೆಯ ತಪ್ಪು ಅಂತಷ್ಟೇ ಹೇಳಿ” ಎಂದುಬಿಡಬೇಕು. ಉತ್ತರ ಹಲವು ಸಲ ಒಂದೇ ಕಡೆಗೆ ಬಂದು ನಿಲ್ಲುತ್ತದೆ: ಸ್ಪೆಕ್‌ನಲ್ಲಿ ಒಂದು ಸಂದರ್ಭದ ಬಗ್ಗೆ ಬರೆದೇ ಇರಲಿಲ್ಲ, ಡಿಸೈನರ್ ಒಂದು ರೀತಿ ಅರ್ಥ ಮಾಡಿಕೊಂಡಿದ್ದರು, ವೆರಿಫಿಕೇಶನ್‌ನವರು ಇನ್ನೊಂದು ರೀತಿ. ಹಾಗಾದಾಗ ಯಾರು ಯಾರನ್ನು ಒಪ್ಪಿಸಿದರು ಎಂದು ಮುಂದಕ್ಕೆ ಕೇಳಿ. ಹತ್ತು ವರ್ಷ ಅನುಭವದ ಡಿಸೈನರ್‌ಗೆ “ನಿಮ್ಮ ಕೋಡಿನಲ್ಲಿ ತಪ್ಪಿದೆ” ಎಂದು ಹೊಸಬರು ಸಾಕ್ಷಿ ಸಮೇತ ತೋರಿಸುವುದೂ ಈ ಕೆಲಸದ ಭಾಗ ಎಂದು ಆಗ ಅರ್ಥವಾಗುತ್ತದೆ. ಡಿಸೈನರ್ ಒಬ್ಬರು ಸಿಕ್ಕರೆ ಇದನ್ನೇ ತಿರುಗಿಸಿ ಕೇಳಬಹುದು: “ಯಾವ ರೀತಿ ಬಗ್ ರಿಪೋರ್ಟ್ ಬಂದರೆ ನೀವು ತಕ್ಷಣ ನೋಡುತ್ತೀರಿ, ಯಾವುದನ್ನು ಪಕ್ಕಕ್ಕಿಡುತ್ತೀರಿ?”

ಮೂರನೆಯ ಪ್ರಶ್ನೆ ಇಂಟರ್‌ವ್ಯೂ ತೆಗೆದುಕೊಳ್ಳುವವರಿಗೆ. “ಫ್ರೆಶರ್‌ನಲ್ಲಿ ಏನು ನೋಡುತ್ತೀರಿ?” ಎಂದರೆ ಕಲಿಯುವ ಆಸಕ್ತಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. “ಕೊನೆಯ ಸಲ ಬೇಡ ಅಂದಿರಲ್ಲ ಆ ಅಭ್ಯರ್ಥಿ, ಯಾವ ಪ್ರಶ್ನೆಯ ಹೊತ್ತಿಗೆ ನಿಮಗೆ ಬೇಡ ಅನ್ನಿಸಿತು?” ಎಂದು ಕೇಳಿದರೆ ಅವರ ಕಣ್ಣ ಮುಂದೆ ಒಬ್ಬ ವ್ಯಕ್ತಿ ಬರುತ್ತಾನೆ. ಇಂಥ ಉತ್ತರ ಬಂತೆಂದುಕೊಳ್ಳಿ: ರೆಸ್ಯೂಮೆಯಲ್ಲಿ ದೊಡ್ಡ ಪ್ರಾಜೆಕ್ಟ್ ಇತ್ತು, ಅದೇ ಸಂಸ್ಥೆಯಿಂದ ಬಂದ ಉಳಿದ ರೆಸ್ಯೂಮೆಗಳಲ್ಲೂ ಅದೇ ಪ್ರಾಜೆಕ್ಟ್. ಅದನ್ನು ಬಿಟ್ಟು ಸಣ್ಣ ಫಿಫೋ ಬಗ್ಗೆ ಕೇಳಿದೆ, ಅಲ್ಲಿ ನಿಂತುಹೋದ.

ಫಿಫೋ ಎಂದರೆ ಮೊದಲು ಬಂದ ಡೇಟಾ ಮೊದಲು ಹೊರಹೋಗುವ ಸರದಿ. ಎಂಟು ಜಾಗ ಇವೆ, ಎಂಟೂ ತುಂಬಿವೆ. ಅದೇ ಕ್ಲಾಕ್‌ನಲ್ಲಿ ಈ ಕಡೆಯಿಂದ ಒಂದು ಡೇಟಾ ಒಳಗೆ ಬರಲು ನೋಡುತ್ತಿದೆ, ಆ ಕಡೆಯಿಂದ ಒಂದನ್ನು ಹೊರಗೆ ತೆಗೆಯುತ್ತಿದ್ದಾರೆ. ಬರುವುದನ್ನು ಒಳಗೆ ಬಿಡಬೇಕೋ ತಡೆಯಬೇಕೋ? ಎರಡೂ ರೀತಿಯ ವಿನ್ಯಾಸಗಳಿವೆ. ಯೋಚಿಸದೆ “ಬಿಡಬೇಕು” ಎಂದವನಿಗಿಂತ “ಸ್ಪೆಕ್ ಏನು ಹೇಳುತ್ತದೆ ಸರ್?” ಎಂದು ಕೇಳಿದವನು ಈ ಕೆಲಸಕ್ಕೆ ಹತ್ತಿರದವನು. ಕೋರ್ಸಿನ ಸಿಲಬಸ್ ಪೂರ್ತಿ ಓದಿದರೂ ಈ ಸಂಗತಿ ಸಿಗುವುದಿಲ್ಲ, ಒಂದು ಸರಿಯಾದ ಪ್ರಶ್ನೆಗೆ ಐದು ನಿಮಿಷದಲ್ಲಿ ಸಿಗುತ್ತದೆ. ಅಷ್ಟೇ ಅಲ್ಲ, ಹುಡುಗಿಗೆ ಮನೆಪಾಠವೂ ಸಿಕ್ಕಿತು. EDA Playground ಎಂಬ ಜಾಲತಾಣದಲ್ಲಿ ಸಿಸ್ಟಮ್‌ವೆರಿಲಾಗ್ ಕೋಡನ್ನು ಬ್ರೌಸರ್‌ನಲ್ಲೇ ಓಡಿಸಬಹುದು, ದುಡ್ಡು ಕೊಡಬೇಕಿಲ್ಲ. ಎಂಟು ಜಾಗದ ಫಿಫೋ ಒಂದನ್ನು ಬರೆದು, ತುಂಬಿದಾಗ, ಖಾಲಿಯಾದಾಗ, ಎರಡೂ ಕಡೆ ಒಟ್ಟಿಗೆ ಕೆಲಸ ನಡೆದಾಗ ಏನಾಗುತ್ತದೆಂದು ಎರಡು ವಾರ ಕೂತು ಪರೀಕ್ಷಿಸಿದರೆ, ಫೀಸು ಕಟ್ಟುವ ಮುಂಚೆಯೇ ಈ ಕೆಲಸದ ರುಚಿ ಗೊತ್ತಾಗುತ್ತದೆ.

ಉತ್ತರ ಹಾರಿಕೆಯಾಗುತ್ತಿದೆ ಎಂದು ಫೋನಿನಲ್ಲೇ ಪತ್ತೆ ಹಚ್ಚುವುದು ಹೇಗೆ? ನೀವು ಬರೆದುಕೊಳ್ಳುತ್ತಿರುವ ಕಾಗದ ನೋಡಿ. ಅದರಲ್ಲಿ “ಸ್ಟ್ರಾಂಗ್”, “ಒಳ್ಳೆಯ”, “ಡೆಡಿಕೇಶನ್” ಇಂಥ ಪದಗಳೇ ತುಂಬಿದ್ದರೆ ಪ್ರಶ್ನೆ ಸೋತಿದೆ. ವಸ್ತುಗಳ ಹೆಸರು, ದಿನ, ಎಣಿಕೆ ಇದ್ದರೆ ಗೆದ್ದಿದೆ. ಸೋತಾಗ ಬೇರೆ ಪ್ರಶ್ನೆಗೆ ಹಾರಬೇಡಿ, ಅದನ್ನೇ ಒಂದು ಮೆಟ್ಟಿಲು ಕೆಳಗಿಳಿಸಿ. “ಬೇಸಿಕ್ಸ್ ಸ್ಟ್ರಾಂಗ್ ಇರಬೇಕು” ಎಂದರೆ “ನಿಮ್ಮ ತಂಡಕ್ಕೆ ಕೊನೆಗೆ ಸೇರಿದ ಫ್ರೆಶರ್ ಯಾವ ಬೇಸಿಕ್ ಗೊತ್ತಿಲ್ಲದೆ ಒದ್ದಾಡಿದರು?” ಎನ್ನಿ. ಆಗ ಬರುವ ಉತ್ತರ ಎಷ್ಟೋ ಸಲ ಎಲೆಕ್ಟ್ರಾನಿಕ್ಸೇ ಆಗಿರುವುದಿಲ್ಲ. ಲಿನಕ್ಸ್ ಕಮಾಂಡ್‌ಗಳು, ಗಿಟ್, ಪೈಥಾನ್ ಅಥವಾ ಪರ್ಲ್‌ನಲ್ಲಿ ಸಣ್ಣ ಸ್ಕ್ರಿಪ್ಟ್, ಸಾವಿರಾರು ಸಾಲಿನ ಲಾಗ್‌ನಲ್ಲಿ ಮೊದಲ ತಪ್ಪು ಎಲ್ಲಿದೆ ಎಂದು ಹುಡುಕುವುದು.

ಎರಡು ಮೂರು ಮಾತುಕತೆ ಆದಮೇಲೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತದ್ವಿರುದ್ಧ ಹೇಳುತ್ತಾರೆ. ಇಲ್ಲಿ ಬಹಳ ಜನ ಗೊಂದಲಕ್ಕೆ ಬಿದ್ದು, ಯಾರು ದೊಡ್ಡವರೋ ಅವರ ಮಾತು ಹಿಡಿಯುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಲಿಸುವ ಘಳಿಗೆ ಇದೇ. ಸರ್ವೀಸ್ ಕಂಪನಿಯವರು ಹೇಳಿದರು, ಯುವಿಎಂ ಗೊತ್ತಿಲ್ಲದೆ ಅರ್ಜಿಯನ್ನೇ ಹಾಕಬೇಡಿ ಎಂದು. ಯುವಿಎಂ ಎಂದರೆ ಟೆಸ್ಟ್‌ಬೆಂಚ್ ಕಟ್ಟುವುದಕ್ಕೆ ಉದ್ಯಮದಲ್ಲಿ ಬಳಸುವ ಸಿದ್ಧ ಚೌಕಟ್ಟು. ಸ್ವಂತ ಚಿಪ್ ಮಾಡುವ ಪ್ರಾಡಕ್ಟ್ ಕಂಪನಿಯವರು ಹೇಳಿದರು, ಯುವಿಎಂ ನಾವೇ ಕಲಿಸುತ್ತೇವೆ, ಡಿಜಿಟಲ್ ಲಾಜಿಕ್ ಮತ್ತು ಪ್ರೋಗ್ರಾಮಿಂಗ್ ಗಟ್ಟಿಯಿರಲಿ ಎಂದು. ಇಬ್ಬರೂ ನಿಜ ಹೇಳಿದ್ದಾರೆ. ಸರ್ವೀಸ್ ಕಂಪನಿ ತನ್ನ ಎಂಜಿನಿಯರನ್ನು ಕ್ಲೈಂಟಿನ ಪ್ರಾಜೆಕ್ಟಿಗೆ ಕಳಿಸುತ್ತದೆ, ಕ್ಲೈಂಟ್ ಇನ್ನೊಮ್ಮೆ ಇಂಟರ್‌ವ್ಯೂ ಮಾಡುತ್ತಾರೆ, ಮೊದಲ ದಿನದಿಂದ ಕೆಲಸ ಬೇಕು. ಪ್ರಾಡಕ್ಟ್ ಕಂಪನಿ ಕ್ಯಾಂಪಸ್‌ನಿಂದಲೋ ಇಂಟರ್ನ್‌ಶಿಪ್‌ನಿಂದಲೋ ತೆಗೆದುಕೊಂಡು ತಿಂಗಳುಗಟ್ಟಲೆ ಕಲಿಸುವಷ್ಟು ತಾಳ್ಮೆ ಇಟ್ಟುಕೊಂಡಿರುತ್ತದೆ. ಭೇದ ಹುಟ್ಟಿದ್ದು ಅಭಿಪ್ರಾಯದಿಂದಲ್ಲ, ದುಡ್ಡು ಬರುವ ದಾರಿಯಿಂದ. ಕ್ಯಾಂಪಸ್ ಬಾಗಿಲು ಮುಚ್ಚಿಹೋಗಿರುವ ಹಾಸನದ ಹುಡುಗಿಗೆ ಇದರಿಂದ ತಿಳಿಯುವುದು, ಸದ್ಯಕ್ಕೆ ತೆರೆದಿರುವುದು ಸರ್ವೀಸ್ ಕಂಪನಿಯ ಬಾಗಿಲೇ ಇರಬಹುದು, ಅಲ್ಲಿಗೆ ಯುವಿಎಂ ಬೇಕು. ಹೀಗೆ ಭಿನ್ನಾಭಿಪ್ರಾಯ ಸಿಕ್ಕಾಗ ಮುಂದಿನವರಿಗೆ ಅದನ್ನೇ ಪ್ರಶ್ನೆಯಾಗಿ ಇಡಿ: “ಒಬ್ಬರು ಹೀಗಂದರು, ಒಬ್ಬರು ಹಾಗಂದರು, ನಿಮ್ಮ ಕಂಪನಿಯಲ್ಲಿ ಕೊನೆಯ ಐದು ಫ್ರೆಶರ್‌ಗಳು ಯಾವ ಯಾವ ದಾರಿಯಲ್ಲಿ ಬಂದರು?” ಐದು ಜನರನ್ನು ಎಣಿಸಿ ಹೇಳುವುದು ಯಾರಿಗೂ ಕಷ್ಟವಲ್ಲ. ಸುಮ್ಮನೆ “ಹೇಗೆ ಬರಬಹುದು” ಎಂದು ಕೇಳಿದರೆ ಮಾತ್ರ ಊಹೆ ಬರುತ್ತದೆ.

ಸಂಬಳದ ವಿಷಯ ಕೇಳಲು ಸಂಕೋಚವಾಗುತ್ತದೆ. ಅವರ ಸಂಬಳ ಕೇಳಬೇಡಿ. “ಈಗ ಫ್ರೆಶರ್‌ಗೆ ಎಷ್ಟರಿಂದ ಎಷ್ಟು ಕೊಡುತ್ತಿದ್ದಾರೆ, ಬಾಂಡ್ ಎಷ್ಟು ವರ್ಷ, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿದ್ದಾಗ ಪೂರ್ತಿ ಸಂಬಳವೇ?” ಎಂದು ಕೇಳಬಹುದು. ಕೊನೆಯದನ್ನು ಸರ್ವೀಸ್ ಕಂಪನಿಯವರಿಗೆ ತಪ್ಪದೆ ಕೇಳಿ.

ಈಗ ಆ ನಾಲ್ಕನೆಯವರು. ಕೋರ್ಸ್ ಬಗ್ಗೆ ಕೇಳಬೇಕೆಂದಾಗ ನಾವು ಹುಡುಕುವುದು ಆ ಕೋರ್ಸ್ ಮಾಡಿ ಚಿಪ್ ಕಂಪನಿ ಸೇರಿದವರನ್ನು. ಅವರೆಲ್ಲ “ಕೋರ್ಸ್ ಚೆನ್ನಾಗಿತ್ತು” ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಅದೇ ಬ್ಯಾಚಿನಲ್ಲಿ ಕೂತು ಈಗ ಬೇರೆಲ್ಲೋ ಇರುವವರು ಈ ಲೆಕ್ಕದಲ್ಲಿ ಬರಲೇ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ಆ ಸಂಸ್ಥೆಯ ಹೆಸರು ಹಾಕಿ ಹುಡುಕಿ, ಈಗ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲೋ ಬ್ಯಾಂಕ್‌ನಲ್ಲೋ ಇರುವ ಒಬ್ಬಿಬ್ಬರನ್ನು ಆರಿಸಿ. “ಯಾಕೆ ಸಿಗಲಿಲ್ಲ?” ಎಂದು ಕೇಳುವುದು ಗಾಯ ಕೆದಕಿದ ಹಾಗೆ. “ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಇದ್ದಿರಿ, ಕೋರ್ಸ್ ಮುಗಿದ ಮೇಲೆ ನಿಮಗೆ ಎಷ್ಟು ಇಂಟರ್‌ವ್ಯೂ ಕಾಲ್ ಬಂತು?” ಎಂದು ಕೇಳಿ.

ಅವರಿಂದ ಇಂಥ ಉತ್ತರ ಬರಬಹುದು: “ಕಾಲ್‌ಗಳು ಬರುತ್ತಿದ್ದವು ಅಕ್ಕ, ಆದರೆ ಹತ್ತನೇ ಕ್ಲಾಸ್, ಪಿಯುಸಿ, ಡಿಗ್ರಿ ಮೂರರಲ್ಲೂ ಅರವತ್ತು ಪರ್ಸೆಂಟ್ ಇದ್ದವರನ್ನೇ ಕಳಿಸುತ್ತಿದ್ದರು. ನನಗೆ ಪಿಯುಸಿಯಲ್ಲಿ ಐವತ್ತೇಳು.” ಈ ಅರವತ್ತರ ಕಟ್‌ಆಫ್ ಅನೇಕ ಕಂಪನಿಗಳಲ್ಲಿದೆ. “ಪ್ಲೇಸ್‌ಮೆಂಟ್ ನೆರವು” ಎಂಬ ಮಾತಿಗೆ ಎಷ್ಟೋ ಕಡೆ ಅರ್ಥ ಇಂಟರ್‌ವ್ಯೂಗೆ ಕಳಿಸುವುದು ಎಂದಷ್ಟೇ, ಅದೂ ಕಟ್‌ಆಫ್ ದಾಟಿದವರನ್ನು. ನಮ್ಮ ಹುಡುಗಿಗೆ ಪಿಯುಸಿಯಲ್ಲಿ ಅರವತ್ತಕ್ಕಿಂತ ಕಡಿಮೆ ಇದ್ದರೆ, ಆ ಕೋರ್ಸಿನ ಮುಖ್ಯ ಪ್ರಯೋಜನವೇ ಅವಳ ಪಾಲಿಗೆ ಅರ್ಧ ಹೋಯಿತು. ಅದು ಫೀಸು ಕಟ್ಟುವ ಮುಂಚೆ ಗೊತ್ತಾಗಬೇಕಾದ ಸಂಗತಿ. ಗೊತ್ತಾದ ಮೇಲೆ ಸಂಸ್ಥೆಯವರನ್ನೂ ಬರವಣಿಗೆಯಲ್ಲೇ ಕೇಳಬಹುದು: ನನ್ನ ಅಂಕಗಳು ಇವು, ಕಳೆದ ಬ್ಯಾಚಿಗೆ ಬಂದ ಕಂಪನಿಗಳಲ್ಲಿ ಎಷ್ಟಕ್ಕೆ ನಾನು ಅರ್ಹಳಾಗುತ್ತಿದ್ದೆ? ಇಮೇಲ್‌ನಲ್ಲಿ ಉತ್ತರ ಕೊಡದೆ ಫೋನಿನಲ್ಲಿ “ಬನ್ನಿ ಮೇಡಂ, ಮಾತಾಡೋಣ” ಎಂದರೆ ಅದನ್ನೂ ಒಂದು ಉತ್ತರವೆಂದೇ ಬರೆದುಕೊಳ್ಳಿ.

ಮಾತು ಮುಗಿಸುವಾಗ “ಬೇರೆ ಯಾರನ್ನಾದರೂ ಪರಿಚಯಿಸುತ್ತೀರಾ?” ಎನ್ನುವುದಕ್ಕಿಂತ “ನೀವು ಹೇಳಿದ್ದನ್ನು ಒಪ್ಪದವರು ಯಾರಾದರೂ ಗೊತ್ತೇ?” ಎಂದು ಕೇಳಿದರೆ ಒಳ್ಳೆಯ ಹೆಸರು ಸಿಗುತ್ತದೆ. ಮೊದಲನೆಯದಕ್ಕೆ ಅವರು ತಮ್ಮಂಥವರನ್ನೇ ತೋರಿಸುತ್ತಾರೆ. ಇಪ್ಪತ್ತು ನಿಮಿಷ ಎಂದಿದ್ದರೆ ಹದಿನೆಂಟನೇ ನಿಮಿಷಕ್ಕೆ “ಸಮಯ ಆಗುತ್ತಾ ಬಂತು ಸರ್” ಎಂದು ನೀವೇ ಹೇಳಿ. ಬಹಳಷ್ಟು ಜನ “ಪರವಾಗಿಲ್ಲ, ಕೇಳಮ್ಮ” ಎನ್ನುತ್ತಾರೆ, ಆ ಮೇಲಿನ ಹತ್ತು ನಿಮಿಷದ ಮಾತು ಬೇರೆಯೇ ಇರುತ್ತದೆ.

ಫೋನ್ ಇಟ್ಟ ಅರ್ಧ ಗಂಟೆಯೊಳಗೆ ಟಿಪ್ಪಣಿಯನ್ನು ಎರಡು ಭಾಗ ಮಾಡಿ. ಅವರು ಕಣ್ಣಾರೆ ಕಂಡದ್ದು ಒಂದು ಕಡೆ, ಕೇಳಿದ್ದು ಅಥವಾ ಊಹಿಸಿದ್ದು ಇನ್ನೊಂದು ಕಡೆ. “ನಮ್ಮ ತಂಡಕ್ಕೆ ಈ ವರ್ಷ ಇಬ್ಬರು ಫ್ರೆಶರ್ ಬಂದರು” ಎಂಬುದು ಮೊದಲ ಭಾಗಕ್ಕೆ, “ಮುಂದಿನ ವರ್ಷ ಹೈರಿಂಗ್ ಜಾಸ್ತಿಯಾಗುತ್ತೆ” ಎಂಬುದು ಎರಡನೆಯದಕ್ಕೆ. ಒಂದು ದಿನ ಬಿಟ್ಟರೆ ಇವೆರಡೂ ನೆನಪಿನಲ್ಲಿ ಒಂದಾಗಿಬಿಡುತ್ತವೆ, ಮತ್ತು ಮನೆಯಲ್ಲಿ ಅಪ್ಪನ ಮುಂದೆ ಹೇಳುವಾಗ ಊಹೆಯೇ ಮೊದಲು ಬಾಯಿಗೆ ಬರುತ್ತದೆ. ಎರಡು ಮಾತುಕತೆಗಳು ಒಂದರ ಮೇಲೊಂದು ಮೊದಲ ಭಾಗಕ್ಕೆ ಹೊಸ ಸಾಲು ಸೇರಿಸದಿದ್ದರೆ ಸಾಕು ಮಾಡಿ. ಸಾಮಾನ್ಯವಾಗಿ ಐದಾರು ಜನರ ಹೊತ್ತಿಗೆ ಆ ಘಟ್ಟ ಬರುತ್ತದೆ.

ಅದೇ ದಿನ ಧನ್ಯವಾದದ ಎರಡು ಸಾಲು ಕಳಿಸಿ. ನಿಜವಾಗಿ ಕೆಲಸ ಮಾಡುವ ಸಂದೇಶ ಒಂದು ತಿಂಗಳ ನಂತರದ್ದು: “ಸರ್, ನೀವು ಹೇಳಿದ ಫಿಫೋ ಮಾಡಿದೆ. ತುಂಬಿದಾಗ ಓದು-ಬರಹ ಒಟ್ಟಿಗೆ ಬಂದರೆ ನನ್ನ ಕೋಡ್ ಒಂದು ಡೇಟಾ ಕಳೆದುಕೊಳ್ಳುತ್ತಿತ್ತು, ಪತ್ತೆಯಾಗಲು ಮೂರು ದಿನ ಹಿಡಿಯಿತು. ಲಿಂಕ್ ಇಲ್ಲಿದೆ.” ರೆಫರಲ್‌ಗೆ ಕಂಪನಿ ಬೋನಸ್ ಕೊಟ್ಟರೂ ಅಪರಿಚಿತರ ರೆಸ್ಯೂಮೆ ಮುಂದಕ್ಕೆ ಕಳಿಸಲು ಜನ ಹಿಂಜರಿಯುವುದು ತಮ್ಮ ಹೆಸರು ಅದರ ಜತೆ ಹೋಗುತ್ತದೆಂದು. ಮೂರು ದಿನ ಒಂದು ತಪ್ಪಿನ ಹಿಂದೆ ಬಿದ್ದು ಹಿಡಿದವಳ ಬಗ್ಗೆ ಆ ಹಿಂಜರಿಕೆ ಅಷ್ಟಿರುವುದಿಲ್ಲ. “ರೆಸ್ಯೂಮೆ ಕಳಿಸಮ್ಮ” ಎಂದು ಅವರಾಗಿಯೇ ಬರೆದರೆ ಅಂದೇ ಸಂಜೆಯೊಳಗೆ ಕಳಿಸಬೇಕು, ಪಿಡಿಎಫ್‌ನಲ್ಲಿ, ಒಂದೇ ಪುಟ, ಫಿಫೋ ಲಿಂಕ್ ಮೇಲುಗಡೆ.